ಅಲಸಂದೆಯ ಜೀವಕೋಶದಲ್ಲಿ ಬ್ಯಾಕ್ಟೀರಿಯಾದ ಗುರುತು

ಅಲಸಂದೆ ಕಾಳಿನ ಪ್ರತಿಯೊಂದು ಜೀವಕೋಶದಲ್ಲೂ ಒಂದು ಜೀನ್ ಇರಬೇಕಾದ ಜಾಗದಲ್ಲಿಲ್ಲ. ವಿಜ್ಞಾನಿಗಳು ಅದನ್ನು ಕಾಕ್ಸ್-2 ಎಂದು ಕರೆಯುತ್ತಾರೆ. ಉಸಿರಾಟದ ಕೊನೆಯ ಹಂತದಲ್ಲಿ ಆಮ್ಲಜನಕವನ್ನು ನೀರಾಗಿಸುವ ಒಂದು ದೊಡ್ಡ ಪ್ರೋಟೀನ್ ಜೋಡಣೆಯಿದೆ. ಅದರ ಒಂದು ಭಾಗವನ್ನು ತಯಾರಿಸುವ ಸೂಚನೆ ಈ ಜೀನ್‌ನಲ್ಲಿದೆ. ಗೋಧಿಯಲ್ಲಿ, ಮೆಕ್ಕೆಜೋಳದಲ್ಲಿ, ಮನುಷ್ಯರಲ್ಲಿ ಈ ಜೀನ್ ಇರುವುದು ಮೈಟೊಕಾಂಡ್ರಿಯಾದೊಳಗೆ. ಅಲಸಂದೆಯಲ್ಲಿ ಮತ್ತು ಅದರ ಹತ್ತಿರದ ನೆಂಟ ಹೆಸರುಕಾಳಿನಲ್ಲಿ ಮಾತ್ರ ಅದು ಕೋಶಕೇಂದ್ರಕ್ಕೆ ಸೇರಿಕೊಂಡಿದೆ. ಅಲ್ಲಿ ತಯಾರಾದ ಸಂದೇಶದಿಂದ ಹೊರಗೆ ಪ್ರೋಟೀನ್ ಆಗುತ್ತದೆ, ಆ ಪ್ರೋಟೀನ್ ಮತ್ತೆ ಮೈಟೊಕಾಂಡ್ರಿಯಾದ ಒಳಕ್ಕೆ ಹೋಗಿ ಕೆಲಸ ಮಾಡುತ್ತದೆ. ನೇರವಾಗಿ ಒಳಗೇ ಆಗುತ್ತಿದ್ದ ಕೆಲಸಕ್ಕೆ ಇಷ್ಟು ಸುತ್ತು ಏಕೆ ಬಂತು?

ಇದಕ್ಕೆ ಉತ್ತರ ಹುಡುಕಲು ಮೈಟೊಕಾಂಡ್ರಿಯಾದಲ್ಲಿ ಜೀನ್‌ಗಳಾದರೂ ಏಕಿವೆ ಎಂಬುದನ್ನು ಮೊದಲು ಕೇಳಬೇಕು. ನಮ್ಮ ಜೀವಕೋಶದೊಳಗೆ ಬೇರೆ ಬೇರೆ ಕೆಲಸದ ಅನೇಕ ಅಂಗಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಡಿಎನ್‌ಎ ಇಲ್ಲ. ಕೋಶಕೇಂದ್ರದ ಡಿಎನ್‌ಎಯೇ ಎಲ್ಲವನ್ನೂ ನಡೆಸುತ್ತದೆ. ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಡುವ ಮೈಟೊಕಾಂಡ್ರಿಯಾಕ್ಕೆ ಮಾತ್ರ ತನ್ನದೇ ಡಿಎನ್‌ಎ ಇದೆ. ಗಿಡಗಳಲ್ಲಿ ಹಸಿರು ಕಣಗಳಿಗೂ ಇದೆ, ಅವುಗಳದ್ದು ಇನ್ನೊಂದು ಕಥೆ.

ಮೈಟೊಕಾಂಡ್ರಿಯಾ ಹಿಂದೊಮ್ಮೆ ಬ್ಯಾಕ್ಟೀರಿಯಾ ಆಗಿದ್ದಿರಬೇಕು ಎಂಬ ಊಹೆ ಡಿಎನ್‌ಎ ಸಿಗುವ ಮೊದಲೇ ಹುಟ್ಟಿತ್ತು. ಸೂಕ್ಷ್ಮದರ್ಶಕದಲ್ಲಿ ಎರಡೂ ಗಾತ್ರದಲ್ಲಿ ಒಂದೇ ತೆರ: ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದಪ್ಪ. ಎರಡೂ ಸೀಳಿಕೊಂಡೇ ಹೆಚ್ಚುತ್ತವೆ. ಅಮೆರಿಕದ ಐವಾನ್ ವಾಲಿನ್ 1927ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು, ಮೈಟೊಕಾಂಡ್ರಿಯಾವನ್ನು ಜೀವಕೋಶದ ಹೊರಗೆ ಬೆಳೆಸಿದ್ದೇನೆ ಎಂದೂ ಹೇಳಿದರು. ಬೇರೆ ಯಾರಿಗೂ ಅದು ಸಾಧ್ಯವಾಗಲಿಲ್ಲ, ಊಹೆ ಮೂಲೆಗೆ ಬಿತ್ತು. ಅದು ಏಕೆ ಸಾಧ್ಯವಿಲ್ಲ ಎಂಬ ಕಾರಣ ಅಲಸಂದೆಯ ಆ ಜೀನ್‌ನಲ್ಲೇ ಇದೆ. ಅಲ್ಲಿಗೆ ಬರುತ್ತೇನೆ.

1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ಕೋಳಿ ಭ್ರೂಣದ ಜೀವಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಮೈಟೊಕಾಂಡ್ರಿಯಾದ ಒಳಗೆ ಸಣ್ಣ ಎಳೆಗಳು ಕಂಡವು. ಅವು ಏನೆಂದು ನೋಟದಿಂದ ಹೇಳುವಂತಿರಲಿಲ್ಲ. ಆದ್ದರಿಂದ ಡಿಎನ್‌ಎಯನ್ನು ಮಾತ್ರ ಕತ್ತರಿಸುವ ಕಿಣ್ವವನ್ನು ಹಾಕಿ ನೋಡಿದರು, ಎಳೆಗಳು ಕರಗಿಹೋದವು. ಮರುವರ್ಷ ವಿಯೆನ್ನಾದಲ್ಲಿ ಗಾಟ್‌ಫ್ರೀಡ್ ಶಾಟ್ಸ್ ಮತ್ತು ಸಂಗಡಿಗರು ಯೀಸ್ಟ್‌ನಿಂದ ಶುದ್ಧವಾಗಿ ಬೇರ್ಪಡಿಸಿದ ಮೈಟೊಕಾಂಡ್ರಿಯಾದಲ್ಲಿ ಡಿಎನ್‌ಎ ಇರುವುದನ್ನು ರಾಸಾಯನಿಕವಾಗಿ ಅಳೆದು ತೋರಿಸಿದರು. 1967ರಲ್ಲಿ ಲಿನ್ ಮಾರ್ಗುಲಿಸ್ ಈ ಎಲ್ಲ ಎಳೆಗಳನ್ನು ಜೋಡಿಸಿ, ದೊಡ್ಡ ಜೀವಕೋಶವೆಂಬುದೇ ಹಲವು ಜೀವಿಗಳ ಒಕ್ಕೂಟ ಎಂಬ ವಾದವನ್ನು ಮಂಡಿಸಿದರು.

ಆದರೆ ಡಿಎನ್‌ಎ ಇದೆ ಎಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎಂದಾಗುವುದಿಲ್ಲ. ಕೋಶಕೇಂದ್ರದ ಡಿಎನ್‌ಎಯಿಂದಲೇ ಒಂದು ತುಣುಕು ಕಳಚಿಕೊಂಡು, ಅದರ ಸುತ್ತ ಪೊರೆ ಬೆಳೆದು ಮೈಟೊಕಾಂಡ್ರಿಯಾ ಆಗಿರಬಾರದೇಕೆ? 1972ರಲ್ಲಿ ರುಡಾಲ್ಫ್ ರಾಫ್ ಮತ್ತು ಹೆನ್ರಿ ಮಾಲರ್ ಇಂಥ ವಾದವನ್ನೇ ಎತ್ತಿದರು. ಅದು ಹಟದ ವಾದವಾಗಿರಲಿಲ್ಲ. ಆಗ ಕೈಯಲ್ಲಿದ್ದ ಸಾಕ್ಷ್ಯಕ್ಕೆ ಎರಡೂ ವಿವರಣೆ ಹೊಂದುತ್ತಿದ್ದವು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಒಂದೇ ದಾರಿಯಿತ್ತು. ಮೈಟೊಕಾಂಡ್ರಿಯಾದ ಡಿಎನ್‌ಎ ಕೋಶಕೇಂದ್ರದಿಂದ ಕಳಚಿದ್ದಾದರೆ ಅದು ಅದೇ ಜೀವಿಯ ಕೋಶಕೇಂದ್ರದ ಡಿಎನ್‌ಎಗೆ ಹತ್ತಿರವಾಗಿರಬೇಕು. ಹೊರಗಿನಿಂದ ಬಂದದ್ದಾದರೆ ಯಾವುದೋ ಬ್ಯಾಕ್ಟೀರಿಯಾಕ್ಕೆ ಹತ್ತಿರವಾಗಿರಬೇಕು.

ಹೋಲಿಸಲು ಎಲ್ಲ ಜೀವಿಗಳಲ್ಲೂ ಇರುವ ವಸ್ತು ಬೇಕು. ಪ್ರೋಟೀನ್ ಕಟ್ಟುವ ರೈಬೋಸೋಮ್‌ನಲ್ಲಿರುವ ಆರ್‌ಎನ್‌ಎ ಅಂಥದ್ದು. ಮೈಟೊಕಾಂಡ್ರಿಯಾಕ್ಕೆ ತನ್ನದೇ ರೈಬೋಸೋಮ್‌ಗಳಿವೆ, ಹೊರಗಿನ ಕೋಶದ್ರವದಲ್ಲಿ ಬೇರೆಯವಿವೆ. ತಾಳೆಗರಿಯ ಹಳೆಯ ಕೃತಿಯೊಂದರ ಹತ್ತು ಪ್ರತಿಗಳು ಸಿಕ್ಕಾಗ ಯಾವುದನ್ನು ನೋಡಿ ಯಾವುದನ್ನು ಬರೆದರು ಎಂದು ಸಂಪಾದಕರು ತಪ್ಪುಗಳಿಂದಲೇ ಪತ್ತೆಮಾಡುತ್ತಾರೆ: ಒಬ್ಬ ಲಿಪಿಕಾರ ಮಾಡಿದ ತಪ್ಪು ಅವನ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲೂ ಮುಂದುವರಿಯುತ್ತದೆ. ಆರ್‌ಎನ್‌ಎ ಅಕ್ಷರಗಳ ಹೋಲಿಕೆಯ ತರ್ಕವೂ ಅದೇ.

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಮೈಕೆಲ್ ಗ್ರೇ, ಲಿಂಡಾ ಬೋನನ್, ಫೋರ್ಡ್ ಡೂಲಿಟಲ್ ಮತ್ತು ಸಂಗಡಿಗರು ಗೋಧಿಯನ್ನು ಆರಿಸಿಕೊಂಡರು. ಆಗ ಉದ್ದನೆಯ ಆರ್‌ಎನ್‌ಎಯನ್ನು ಪೂರ್ತಿ ಓದುವುದು ಸುಲಭವಿರಲಿಲ್ಲ. ಆದ್ದರಿಂದ ಗೋಧಿಯ ಮೈಟೊಕಾಂಡ್ರಿಯಾದ ರೈಬೋಸೋಮ್ ಆರ್‌ಎನ್‌ಎಯನ್ನು ಕಿಣ್ವದಿಂದ ಸಣ್ಣ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿನ ಅಕ್ಷರಗಳನ್ನು ಪಟ್ಟಿಮಾಡಿ, ಆ ಪಟ್ಟಿಯನ್ನು ಬ್ಯಾಕ್ಟೀರಿಯಾಗಳ ಪಟ್ಟಿಯೊಂದಿಗೂ ಗೋಧಿಯದೇ ಕೋಶದ್ರವದ ರೈಬೋಸೋಮ್ ಪಟ್ಟಿಯೊಂದಿಗೂ ಹೋಲಿಸಿದರು. 1977ರಲ್ಲಿ ಬಂದ ಫಲಿತಾಂಶದಲ್ಲಿ ಗೊಂದಲವಿರಲಿಲ್ಲ. ಗೋಧಿಯ ಮೈಟೊಕಾಂಡ್ರಿಯಾ ಬ್ಯಾಕ್ಟೀರಿಯಾದ ಕಡೆಗಿತ್ತು; ಒಂದೇ ಜೀವಕೋಶದಲ್ಲಿ ಪಕ್ಕದಲ್ಲೇ ಇರುವ ಗೋಧಿಯದೇ ರೈಬೋಸೋಮ್‌ನಿಂದ ದೂರವಿತ್ತು. ಗೋಧಿಯ ಆಯ್ಕೆ ಚೆನ್ನಾಗಿ ಒದಗಿಬಂತು. ಪ್ರಾಣಿಗಳ ಮೈಟೊಕಾಂಡ್ರಿಯಾದ ಡಿಎನ್‌ಎ ಬೇಗ ಬೇಗ ಬದಲಾಗುತ್ತದೆ, ಅದರಲ್ಲಿ ಹಳೆಯ ಗುರುತುಗಳು ಸಾಕಷ್ಟು ಅಳಿಸಿಹೋಗಿವೆ. ಗಿಡಗಳದ್ದು ನಿಧಾನ.

1985ರಲ್ಲಿ ಕಾರ್ಲ್ ವೋಸ್ ಅವರ ಗುಂಪು ಇನ್ನೂ ಹತ್ತಿರ ಹೋಯಿತು. ಬ್ಯಾಕ್ಟೀರಿಯಾಗಳಲ್ಲಿ ಈಗ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಎಂದು ಕರೆಯುವ ಗುಂಪೇ ಮೈಟೊಕಾಂಡ್ರಿಯಾದ ಹತ್ತಿರದ ಬಳಗ ಎಂದು ಅವರ ಹೋಲಿಕೆ ತೋರಿಸಿತು. ಗಿಡಗಳ ಕಾಂಡದಲ್ಲಿ ಗಡ್ಡೆ ಎಬ್ಬಿಸುವ ಅಗ್ರೊಬ್ಯಾಕ್ಟೀರಿಯಂ, ಟೈಫಸ್ ಜ್ವರ ತರುವ ರಿಕೆಟ್ಸಿಯಾ, ದ್ವಿದಳ ಬೆಳೆಗಳ ಬೇರುಗಂಟಿನಲ್ಲಿ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಎಲ್ಲ ಈ ಗುಂಪಿನವು. ಬೇರೆ ಜೀವಿಯ ಜೀವಕೋಶದೊಳಗೆ ಅಥವಾ ಅದಕ್ಕೆ ಅಂಟಿಕೊಂಡು ಬದುಕುವ ಜಾಯಮಾನ ಈ ಬಳಗದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೈಟೊಕಾಂಡ್ರಿಯಾ ರಿಕೆಟ್ಸಿಯಾದಿಂದ ಬಂತು ಎಂದು ಬರೆದಿರುವುದನ್ನು ಎಷ್ಟೋ ಕಡೆ ಓದುತ್ತೇವೆ. 1998ರಲ್ಲಿ ಟೈಫಸ್ ರಿಕೆಟ್ಸಿಯಾದ ಪೂರ್ತಿ ಡಿಎನ್‌ಎಯನ್ನು ಓದಿದಾಗ ಸಾಮ್ಯಗಳು ಕಂಡದ್ದು ನಿಜ. ಆದರೆ ಈ ಬಗೆಯ ಹೋಲಿಕೆಯಲ್ಲಿ ಮೋಸ ಹೋಗುವ ಒಂದು ದಾರಿಯಿದೆ. ಜೀವಕೋಶದೊಳಗೆ ಬಂದಿಯಾಗಿ ಬದುಕುವ ಬ್ಯಾಕ್ಟೀರಿಯಾಗಳ ಡಿಎನ್‌ಎ ವೇಗವಾಗಿ ಬದಲಾಗುತ್ತದೆ, ಅದರಲ್ಲಿ ‘ಎ’ ಮತ್ತು ‘ಟಿ’ ಅಕ್ಷರಗಳು ತುಂಬಿಕೊಳ್ಳುತ್ತವೆ. ಮೈಟೊಕಾಂಡ್ರಿಯಾದಲ್ಲೂ ಹಾಗೆಯೇ ಆಗಿದೆ. ಹೀಗೆ ಬೇರೆ ಬೇರೆ ದಾರಿಯಲ್ಲಿ ಒಂದೇ ಬದಲಾವಣೆ ಕಂಡ ಎರಡು ವಂಶಗಳು ಲೆಕ್ಕದಲ್ಲಿ ಅಣ್ಣತಮ್ಮಂದಿರಂತೆ ತೋರಬಹುದು. ಈ ಪಕ್ಷಪಾತವನ್ನು ತೆಗೆದು ಲೆಕ್ಕ ಹಾಕಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಬಂತು. ಅದರ ಪ್ರಕಾರ ಮೈಟೊಕಾಂಡ್ರಿಯಾದ ಪೂರ್ವಜ ರಿಕೆಟ್ಸಿಯಾದ ಕೊಂಬೆಯಲ್ಲಿಲ್ಲ, ಈಗ ಗೊತ್ತಿರುವ ಆಲ್ಫಾ ಗುಂಪುಗಳೆಲ್ಲ ಕವಲೊಡೆಯುವುದಕ್ಕೂ ಮೊದಲೇ ಬೇರೆಯಾಗಿದೆ. ಆಲ್ಫಾ ಬಳಗಕ್ಕೆ ಅತಿ ಹತ್ತಿರದ್ದು ಎಂಬುದರಲ್ಲಿ ಒಮ್ಮತವಿದೆ. ಯಾವ ಕವಲಿನ ಬುಡ ಎಂಬ ಚರ್ಚೆ ನಡೆಯುತ್ತಲೇ ಇದೆ.

ಈಗ ಅಲಸಂದೆಗೆ ಬರೋಣ. ಸ್ವತಂತ್ರವಾಗಿ ಬದುಕುವ ಬ್ಯಾಕ್ಟೀರಿಯಾಕ್ಕೆ ಸಾವಿರಾರು ಜೀನ್‌ಗಳು ಬೇಕು. 1981ರಲ್ಲಿ ಕೇಂಬ್ರಿಜ್‌ನಲ್ಲಿ ಮನುಷ್ಯನ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಮೊದಲ ಬಾರಿಗೆ ಪೂರ್ತಿ ಓದಿದಾಗ ಅದು ಸುಮಾರು 16,569 ಅಕ್ಷರಗಳ ಒಂದು ಬಳೆ ಎಂದು ತಿಳಿಯಿತು. ಅದರಲ್ಲಿರುವುದು 37 ಜೀನ್‌ಗಳು, ಪ್ರೋಟೀನ್ ಮಾಡುವವು ಬರೀ 13. ಆದರೆ ಮೈಟೊಕಾಂಡ್ರಿಯಾ ನಡೆಯಲು ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳು ಬೇಕು. ಉಳಿದವುಗಳ ಜೀನ್‌ಗಳು ಕೋಶಕೇಂದ್ರದಲ್ಲಿವೆ. ವಾಲಿನ್ ಹೇಳಿದಂತೆ ಮೈಟೊಕಾಂಡ್ರಿಯಾವನ್ನು ಹೊರಗೆ ಬೆಳೆಸಲು ಆಗದಿರುವುದು ಇದರಿಂದಲೇ. ಮೂಲ ಬ್ಯಾಕ್ಟೀರಿಯಾದ ಜೀನ್‌ಗಳಲ್ಲಿ ಕೆಲವು ಕಳೆದುಹೋದವು, ಕೆಲವು ಕೋಶಕೇಂದ್ರಕ್ಕೆ ವಲಸೆ ಹೋದವು. ಕೋಶಕೇಂದ್ರದಲ್ಲಿರುವ ಮೈಟೊಕಾಂಡ್ರಿಯಾದ ಜೀನ್‌ಗಳೆಲ್ಲ ಹಾಗೆ ಬಂದವಲ್ಲ, ಆತಿಥೇಯ ಜೀವಕೋಶವೇ ಎಷ್ಟೋ ಪ್ರೋಟೀನ್‌ಗಳನ್ನು ಸೇರಿಸಿದೆ. ರೆಕ್ಲಿನೊಮೊನಾಸ್ ಎಂಬ ಸಿಹಿನೀರಿನ ಏಕಕೋಶ ಜೀವಿಯ ಮೈಟೊಕಾಂಡ್ರಿಯಾ ಕಡಿಮೆ ಕಳೆದುಕೊಂಡಿದೆ. 1997ರಲ್ಲಿ ಅದರಲ್ಲಿ 97 ಜೀನ್‌ಗಳು ಸಿಕ್ಕವು. ಡಿಎನ್‌ಎಯಿಂದ ಸಂದೇಶ ಬರೆಯುವ, ಬ್ಯಾಕ್ಟೀರಿಯಾದ್ದೇ ಮಾದರಿಯ ಕಿಣ್ವದ ಜೀನ್‌ಗಳೂ ಅವುಗಳಲ್ಲಿದ್ದವು. ನಮ್ಮಲ್ಲಿ ಅವು ಎಂದೋ ಹೋಗಿವೆ.

ವಲಸೆ ನಡೆದದ್ದು ಕೋಟಿಗಟ್ಟಲೆ ವರ್ಷಗಳ ಹಿಂದೆ ಎಂದಾದರೆ ಅದನ್ನು ಹಿಡಿದು ತೋರಿಸುವುದು ಹೇಗೆ? ಜೆಫ್ರಿ ಪಾಮರ್ ಮತ್ತು ಜಾಕಲಿನ್ ನ್ಯೂಜೆಂಟ್ 1991ರಲ್ಲಿ ಪ್ರಕಟಿಸಿದ ಕೆಲಸ ಇದನ್ನೇ ಮಾಡಿತು. ಹಲವು ಹೂಬಿಡುವ ಗಿಡಗಳಲ್ಲಿ ಕಾಕ್ಸ್-2 ಜೀನ್ ಎಲ್ಲಿದೆ ಎಂದು ಅವರು ಹುಡುಕಿದರು. ಹೆಚ್ಚಿನ ಗಿಡಗಳಲ್ಲಿ ಅದು ಮೈಟೊಕಾಂಡ್ರಿಯಾದಲ್ಲಿದೆ. ದ್ವಿದಳ ಕುಟುಂಬದ ಅನೇಕ ಗಿಡಗಳಲ್ಲಿ ಎರಡೂ ಕಡೆ ಇದೆ. ಅಲಸಂದೆ ಮತ್ತು ಹೆಸರು ಸೇರಿರುವ ವಿಗ್ನಾ ಎಂಬ ಒಂದೇ ಕುಲದಲ್ಲಿ ಮೈಟೊಕಾಂಡ್ರಿಯಾದ ಪ್ರತಿ ಅಳಿದು ಕೋಶಕೇಂದ್ರದ್ದು ಮಾತ್ರ ಉಳಿದಿದೆ. ಸೋಯಾಬೀನ್ ನಡುದಾರಿಯಲ್ಲಿದೆ: ಜೀನ್ ಎರಡೂ ಕಡೆ ಇದ್ದರೂ ಕೆಲಸ ಮಾಡುವುದು ಕೋಶಕೇಂದ್ರದ್ದು, ಮೈಟೊಕಾಂಡ್ರಿಯಾದ ಪ್ರತಿ ಸುಮ್ಮನಿದೆ. ಮೊದಲು ನಕಲು, ಆಮೇಲೆ ಎರಡೂ, ಕೊನೆಗೆ ಹಳೆಯದರ ಅಳಿವು. ವಲಸೆಯ ಮೂರೂ ಹಂತಗಳು ಈಗ ಬದುಕಿರುವ ಗಿಡಗಳಲ್ಲೇ ಸಿಗುತ್ತವೆ.

ಜೀನ್ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದಕ್ಕೂ ಗುರುತಿದೆ, ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಇದೇ. ಗಿಡಗಳ ಮೈಟೊಕಾಂಡ್ರಿಯಾದಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎ ಸಂದೇಶ ತಯಾರಾದ ಮೇಲೆ ಅದರ ಕೆಲವು ಅಕ್ಷರಗಳನ್ನು ತಿದ್ದಲಾಗುತ್ತದೆ: ಕೆಲವು ‘ಸಿ’ಗಳು ‘ಯು’ ಆಗುತ್ತವೆ. ಅಂದರೆ ಡಿಎನ್‌ಎಯ ಪಾಠ ಒಂದು, ತಿದ್ದಿದ ಸಂದೇಶದ ಪಾಠ ಇನ್ನೊಂದು. ಅಲಸಂದೆಯ ಕೋಶಕೇಂದ್ರದಲ್ಲಿರುವ ಜೀನ್‌ ಹೋಲುವುದು ತಿದ್ದಿದ ಪಾಠವನ್ನು. ಮೈಟೊಕಾಂಡ್ರಿಯಾದೊಳಗೆ ಬರೆದು ತಿದ್ದಿದ ಆರ್‌ಎನ್‌ಎಯೇ ಮತ್ತೆ ಡಿಎನ್‌ಎ ಆಗಿ ನಕಲಾಗಿ ಕೋಶಕೇಂದ್ರ ಸೇರಿದ್ದರೆ ಮಾತ್ರ ಹೀಗಾಗಲು ಸಾಧ್ಯ. ತಿದ್ದುಪಡಿ ನಡೆಯುವುದು ಮೈಟೊಕಾಂಡ್ರಿಯಾದಲ್ಲಿ. ಆದ್ದರಿಂದ ಪ್ರಯಾಣ ಶುರುವಾದದ್ದೂ ಅಲ್ಲಿಂದಲೇ.

ಹಾಗೆ ಹೋದ ಜೀನ್ ಕೆಲಸಕ್ಕೆ ಬರಬೇಕಾದರೆ ಇನ್ನೂ ಎರಡು ತೊಡಕು ನೀಗಬೇಕು. ಅದರ ಪ್ರೋಟೀನ್‌ಗೆ ಮೈಟೊಕಾಂಡ್ರಿಯಾಕ್ಕೆ ಹೋಗಬೇಕೆಂದು ಸೂಚಿಸುವ ತಲೆಭಾಗವೊಂದು ಸೇರಬೇಕು. ಅಲಸಂದೆಯ ಜೀನ್‌ನ ಮುಂದೆ ಅದು ಸೇರಿಕೊಂಡಿದೆ. ಆಮೇಲೆ ಪ್ರೋಟೀನ್ ಪೊರೆಗಳನ್ನು ದಾಟಬೇಕು. ಕಾಕ್ಸ್-2 ಪ್ರೋಟೀನ್ ಪೊರೆಯ ಕೊಬ್ಬಿನಲ್ಲೇ ನೆಲೆಸುವಂಥದ್ದು, ನೀರಿಗೆ ಒಗ್ಗದು, ದಾಟುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ಸೋಯಾಬೀನ್‌ನಲ್ಲಿ ಇದನ್ನು ಪರೀಕ್ಷಿಸಿದರು. ಪೊರೆಯನ್ನು ಹಾಯುವ ಮೊದಲ ತುಂಡಿನಲ್ಲಿ ಎರಡೇ ಅಮೈನೋ ಆಮ್ಲಗಳು ಬದಲಾಗಿ ಅದರ ಜಿಡ್ಡಿನ ಗುಣ ಸ್ವಲ್ಪ ತಗ್ಗಿದ್ದರಿಂದ ಆ ಪ್ರೋಟೀನ್ ಒಳಗೆ ಹೋಗಬಲ್ಲದಾಯಿತು ಎಂದು ಕಂಡುಕೊಂಡರು. ಮೈಟೊಕಾಂಡ್ರಿಯಾದಲ್ಲಿ ಇನ್ನೂ ಉಳಿದಿರುವ ಜೀನ್‌ಗಳಲ್ಲಿ ಹೆಚ್ಚಿನವು ಇಂಥ ಪೊರೆಯಲ್ಲಿ ಹುದುಗುವ ಪ್ರೋಟೀನ್‌ಗಳದ್ದೇ ಏಕೆ ಎಂಬುದಕ್ಕೆ ಇದೊಂದು ಒಳ್ಳೆಯ ವಿವರಣೆ, ಪೂರ್ತಿ ವಿವರಣೆ ಅಲ್ಲದಿದ್ದರೂ.

ಪೊರೆಯ ಮಾತು ಬಂತು. ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆಗಳಿವೆ. ಹಳೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಸರಳ ವಿವರಣೆ ಇರುತ್ತಿತ್ತು: ದೊಡ್ಡ ಜೀವಕೋಶ ಬ್ಯಾಕ್ಟೀರಿಯಾವನ್ನು ನುಂಗಿತು, ಒಳಪೊರೆ ಬ್ಯಾಕ್ಟೀರಿಯಾದ್ದು, ಹೊರಪೊರೆ ನುಂಗುವಾಗ ಸುತ್ತಿಕೊಂಡ ಆತಿಥೇಯನ ಪೊರೆ. ಕೇಳಲು ಚೆಂದವಾದರೂ ಸಾಕ್ಷ್ಯ ಇದನ್ನು ಒಪ್ಪುವುದಿಲ್ಲ.

ಆತಿಥೇಯನ ಪೊರೆ ಸುತ್ತಿಕೊಂಡರೆ ಹೇಗಿರುತ್ತದೆ ಎಂಬುದನ್ನು ಅದೇ ಅಲಸಂದೆ ಗಿಡದ ಬೇರಿನಲ್ಲಿ ನೋಡಬಹುದು. ಬೇರುಗಂಟಿನ ಜೀವಕೋಶಗಳ ಒಳಗೆ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಇವೂ ಆಲ್ಫಾ ಬಳಗದವೇ. ಈ ಬಳಗದ ಬ್ಯಾಕ್ಟೀರಿಯಾಗಳಿಗೆ ಹುಟ್ಟಾ ಎರಡು ಪೊರೆಗಳಿರುತ್ತವೆ. ಗಂಟಿನೊಳಗೆ ಅವುಗಳ ಸುತ್ತ ಗಿಡದ್ದೇ ಮೂರನೆಯ ಪೊರೆಯೊಂದು ಚೀಲದಂತೆ ಬಿಗಿದಿರುತ್ತದೆ. ಮೈಟೊಕಾಂಡ್ರಿಯಾಕ್ಕೆ ಆ ಮೂರನೆಯದು ಇಲ್ಲ. ಹಾಗಾದರೆ ಇರುವ ಎರಡೂ ಬ್ಯಾಕ್ಟೀರಿಯಾದವೇ ಇರಬೇಕಲ್ಲ?

ಒಳಪೊರೆಯ ಬಗ್ಗೆ ಸಂದೇಹವಿಲ್ಲ. ಅದರಲ್ಲಿ ಕಾರ್ಡಿಯೊಲಿಪಿನ್ ಎಂಬ ವಿಶೇಷ ಕೊಬ್ಬು ಇದೆ. ಪೊರೆಯ ಸಾಮಾನ್ಯ ಕೊಬ್ಬಿನ ಅಣುವಿಗೆ ಎರಡು ಬಾಲಗಳಾದರೆ ಇದಕ್ಕೆ ನಾಲ್ಕು. 1942ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಇದನ್ನು ದನದ ಹೃದಯದಿಂದ ಬೇರ್ಪಡಿಸಿದ್ದರಿಂದ ಹೆಸರಿನಲ್ಲಿ ಹೃದಯ ಸೇರಿಕೊಂಡಿತು; ಹೃದಯದ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾ ತುಂಬಾ ಇರುವುದರಿಂದ ಅದು ಅಲ್ಲಿ ಹೇರಳ. ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಈ ಕೊಬ್ಬು ಸಾಮಾನ್ಯ. ನಮ್ಮ ಜೀವಕೋಶದಲ್ಲಿ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಮೈಟೊಕಾಂಡ್ರಿಯಾದಲ್ಲಿ, ಅದರಲ್ಲೂ ಒಳಪೊರೆಯಲ್ಲಿ ಇದೆ.

ಹೊರಪೊರೆಯ ಗುರುತು ಕೊಬ್ಬಿನಲ್ಲಿಲ್ಲ, ಪ್ರೋಟೀನ್‌ಗಳ ಆಕಾರದಲ್ಲಿದೆ. ಪೊರೆಯಲ್ಲಿ ಕೂರುವ ಪ್ರೋಟೀನ್‌ಗಳು ಸಾಮಾನ್ಯವಾಗಿ ಸುರುಳಿಗಳಿಂದಾದವು. ಆದರೆ ಎರಡು ಪೊರೆಯ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಬೇರೆ ಬಗೆಯವಿರುತ್ತವೆ: ಪ್ರೋಟೀನ್ ಪಟ್ಟಿಗಳು ಪಕ್ಕಪಕ್ಕ ಸೇರಿ ಉರುಳೆಯಾಗಿ, ನಡುವೆ ತೂತಿರುವ ಪೀಪಾಯಿಗಳು. ನಮ್ಮಂಥ ದೊಡ್ಡ ಜೀವಕೋಶಗಳಲ್ಲಿ ಇಂಥ ಪೊರೆ-ಪೀಪಾಯಿಗಳು ಸಿಗುವುದು ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ, ಮತ್ತು ಗಿಡಗಳ ಹಸಿರು ಕಣಗಳಲ್ಲಿ ಮಾತ್ರ. ಅವುಗಳನ್ನು ಪೊರೆಯಲ್ಲಿ ಕೂರಿಸುವ ಪ್ರೋಟೀನ್ ಕೂಡ ನೆಂಟನೇ: ಬ್ಯಾಕ್ಟೀರಿಯಾದಲ್ಲಿ ಬ್ಯಾಮ್-ಎ, ಮೈಟೊಕಾಂಡ್ರಿಯಾದಲ್ಲಿ ಸ್ಯಾಮ್-50, ಎರಡೂ ಒಂದೇ ವಂಶದವು.

ನೆಂಟಸ್ತನವಿದ್ದರೆ ಒಂದರ ಕೆಲಸ ಇನ್ನೊಂದಕ್ಕೆ ಬರಬೇಕು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಡೊರಾನ್ ರಾಪಪೋರ್ಟ್ ಅವರ ಗುಂಪು ಇದನ್ನು ಪ್ರಯೋಗಕ್ಕೆ ಒಡ್ಡಿತು. ಇ.ಕೊಲೈ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಫೋ-ಇ ಎಂಬ ಪೀಪಾಯಿಯ ಜೀನನ್ನು ಯೀಸ್ಟ್‌ಗೆ ಸೇರಿಸಿದರು. ಯೀಸ್ಟ್ ಅದನ್ನು ಹಿಂದೆ ಎಂದೂ ಕಂಡದ್ದಲ್ಲ. ಎಲ್ಲಿಗೆ ಹೋಗಬೇಕೆಂಬ ಯೀಸ್ಟ್‌ನ ಸೂಚನೆಯೂ ಆ ಪ್ರೋಟೀನ್‌ನಲ್ಲಿರಲಿಲ್ಲ. ಆದರೂ ಅದು ಮೈಟೊಕಾಂಡ್ರಿಯಾವನ್ನೇ ಹುಡುಕಿಕೊಂಡು ಹೋಗಿ, ಅದರ ಹೊರಪೊರೆಯಲ್ಲೇ ಸರಿಯಾದ ಆಕಾರದಲ್ಲಿ ಕೂತಿತು. ಇದು 2009ರ ಮಾತು. ಮರುವರ್ಷ ತಿರುವುಮುರುವಾಗಿ ಮಾಡಿದರು: ಮೈಟೊಕಾಂಡ್ರಿಯಾದ ಪೀಪಾಯಿಯನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟರು. ಬ್ಯಾಕ್ಟೀರಿಯಾ ಅದನ್ನು ತನ್ನ ಹೊರಪೊರೆಯಲ್ಲಿ ಜೋಡಿಸಿಕೊಂಡಿತು. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಅಗಲಿದ ಎರಡು ಪೊರೆಗಳು ಇಂದಿಗೂ ಒಂದರ ಪ್ರೋಟೀನನ್ನು ಇನ್ನೊಂದು ಗುರುತಿಸುತ್ತವೆ. ಹೊರಪೊರೆ ಆತಿಥೇಯನದ್ದಾಗಿದ್ದರೆ ಇದಕ್ಕೆ ವಿವರಣೆ ಕೊಡುವುದು ಕಷ್ಟ.

ಈ ವಂಶದ ಗುರುತು ಆಸ್ಪತ್ರೆಯಲ್ಲೂ ಎದುರಾಗುತ್ತದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಕೆನಾಮೈಸಿನ್ ಒಂದೇ ಗುಂಪಿನ ಔಷಧಿಗಳು. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಕ್ಷಯರೋಗಕ್ಕೆ ದಶಕಗಳ ಕಾಲ ನಮ್ಮಲ್ಲೂ ಬಳಕೆಯಲ್ಲಿತ್ತು. ಇವು ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ ಅಂಟಿಕೊಂಡು ಅದು ತಪ್ಪು ಪ್ರೋಟೀನ್ ಕಟ್ಟುವಂತೆ ಮಾಡುತ್ತವೆ. ನಮ್ಮ ಕೋಶದ್ರವದ ರೈಬೋಸೋಮ್‌ಗೆ ಅಷ್ಟಾಗಿ ಅಂಟುವುದಿಲ್ಲ. ಮೈಟೊಕಾಂಡ್ರಿಯಾದ ರೈಬೋಸೋಮ್ ಬ್ಯಾಕ್ಟೀರಿಯಾದ ಸಂತತಿಯಾದರೂ ಔಷಧಿ ಕೂರುವ ಜಾಗದಲ್ಲಿ ಸ್ವಲ್ಪ ಬದಲಾಗಿದೆ. ಬ್ಯಾಕ್ಟೀರಿಯಾದಲ್ಲಿ ಅಲ್ಲಿ ‘ಸಿ’ ಮತ್ತು ‘ಜಿ’ ಎದುರುಬದುರಾಗಿ ಜೋಡಿಗೂಡುತ್ತವೆ. ಮನುಷ್ಯನ ಮೈಟೊಕಾಂಡ್ರಿಯಾದಲ್ಲಿ ‘ಸಿ’ ಎದುರಿಗೆ ‘ಎ’ ಇದೆ, ಜೋಡಿ ಕೂಡುವುದಿಲ್ಲ. ಆ ‘ಎ’ ಮೈಟೊಕಾಂಡ್ರಿಯಾ ಡಿಎನ್‌ಎಯ 1555ನೆಯ ಅಕ್ಷರ.

ಕೆಲವು ಕುಟುಂಬಗಳಲ್ಲಿ ಆ ‘ಎ’ ಬದಲು ‘ಜಿ’ ಇರುತ್ತದೆ. ಆಗ ಜೋಡಿ ಕೂಡುತ್ತದೆ, ರೈಬೋಸೋಮ್‌ನ ಆ ಮೂಲೆ ಮತ್ತೆ ಬ್ಯಾಕ್ಟೀರಿಯಾದ್ದರಂತಾಗುತ್ತದೆ, ಔಷಧಿ ಅಲ್ಲಿ ಕೂರುತ್ತದೆ. ಅಂಥವರಿಗೆ ಮಾಮೂಲು ಪ್ರಮಾಣದ ಔಷಧಿ ಕೊಟ್ಟರೂ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸತ್ತು ಶಾಶ್ವತವಾಗಿ ಕಿವಿ ಕೇಳಿಸದಂತಾಗಬಹುದು. 1993ರಲ್ಲಿ ಈ ಸಂಬಂಧ ಮೊದಲು ಪತ್ತೆಯಾಯಿತು. ಮೈಟೊಕಾಂಡ್ರಿಯಾ ತಾಯಿಯಿಂದಲೇ ಬರುವುದರಿಂದ ಈ ಅಪಾಯವೂ ತಾಯಿಯ ಕಡೆಯಿಂದಲೇ ಬರುತ್ತದೆ. ಚುಚ್ಚುಮದ್ದಿನ ನಂತರ ತಾಯಿಗೋ, ಅಜ್ಜಿಗೋ, ಸೋದರಮಾವನಿಗೋ ಕಿವಿ ಹೋಗಿತ್ತೆಂದು ಗೊತ್ತಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸುವುದು ಒಳ್ಳೆಯದು.

ಸೋಂಕಿನ ಶಂಕೆಯಿರುವ ನವಜಾತ ಶಿಶುವಿಗೆ ಜೆಂಟಾಮೈಸಿನ್ ಕೊಡಲು ತಡಮಾಡುವಂತಿಲ್ಲ, ತೀರ್ಮಾನವಾದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು. ಪ್ರಯೋಗಾಲಯದ ಸಾಮಾನ್ಯ ಡಿಎನ್‌ಎ ಪರೀಕ್ಷೆಗೆ ದಿನಗಳೇ ಬೇಕಾಗುತ್ತಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್‌ನ ಶಿಶು ತೀವ್ರನಿಗಾ ಘಟಕಗಳಲ್ಲಿ ಮಗುವಿನ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿ, ಹಾಸಿಗೆಯ ಪಕ್ಕದಲ್ಲೇ 1555ನೆಯ ಅಕ್ಷರವನ್ನು ಓದುವ ಪುಟ್ಟ ಯಂತ್ರವೊಂದನ್ನು ಬಳಸಿ ನೋಡಿದರು. ಫಲಿತಾಂಶಕ್ಕೆ ಸುಮಾರು 26 ನಿಮಿಷ ಸಾಕಾಯಿತು. 2022ರಲ್ಲಿ ಪ್ರಕಟವಾದ ವರದಿಯಂತೆ ಪರೀಕ್ಷಿಸಿದ 751 ಶಿಶುಗಳಲ್ಲಿ ಮೂವರಲ್ಲಿ ‘ಜಿ’ ಕಂಡಿತು. ಆ ಮೂವರಿಗೂ ಬೇರೆ ಗುಂಪಿನ ಔಷಧಿ ಕೊಡಲಾಯಿತು.